ನಡಿಗೆಯಿಂದ ಓಟಕ್ಕೆ: ಸಿಂಕ್ ಗ್ರೂಪ್ ಸಾಕೇ, ಮಾರ್ಕರ್ ಬೇಕೇ?

ಗೇಮಿನ ಪಾತ್ರವೊಂದರ ನಡಿಗೆಯ ಆ್ಯನಿಮೇಷನ್ ಕ್ಲಿಪ್ ಒಂದನ್ನೇ ಹಾಕಿ ನೋಡಿದರೆ ಚೆನ್ನಾಗಿರುತ್ತದೆ. ಓಟದ್ದೂ ಅಷ್ಟೇ. ಎರಡನ್ನೂ ಬ್ಲೆಂಡ್ ಮಾಡಿದ ಕೂಡಲೇ ಪಾತ್ರದ ಕಾಲುಗಳು ಸೊಂಟದ ಕೆಳಗೆ ಒಟ್ಟುಗೂಡಿ, ಹೆಜ್ಜೆ ಚಿಕ್ಕದಾಗಿ, ನೆಲದ ಮೇಲೆ ಜಾರಿದ ಹಾಗೆ ಕಾಣುತ್ತದೆ. ಕಾರಣ ಸರಳ. ನಡಿಗೆಯಲ್ಲಿ ಎಡಗಾಲು ಮುಂದಿರುವ ಹೊತ್ತಿಗೆ ಓಟದಲ್ಲಿ ಬಲಗಾಲು ಮುಂದಿದೆ. ಬ್ಲೆಂಡ್ ಅಂದರೆ ಎರಡು ಭಂಗಿಗಳ ಸರಾಸರಿ ತಾನೆ? ಮುಂದಿರುವ ಕಾಲಿಗೂ ಹಿಂದಿರುವ ಕಾಲಿಗೂ ಸರಾಸರಿ ತೆಗೆದರೆ ಕಾಲು ನಡುವೆ ಬಂದು ನಿಲ್ಲುತ್ತದೆ.

ಇದಕ್ಕೆ ಅನ್‌ರಿಯಲ್ ಎಂಜಿನ್‌ನಲ್ಲಿ ಎರಡು ಹೆಸರುಗಳು ಕೇಳಿಬರುತ್ತವೆ: ಸಿಂಕ್ ಗ್ರೂಪ್ ಮತ್ತು ಸಿಂಕ್ ಮಾರ್ಕರ್. ಹೊಸಬರು ಬಹಳಷ್ಟು ಜನ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು ಅಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಮಾರ್ಕರ್ ಕೆಲಸ ಮಾಡುವುದೇ ಗ್ರೂಪಿನ ಒಳಗೆ, ಇಲ್ಲವೇ ವೇಗಕ್ಕೆ ತಕ್ಕಂತೆ ಕ್ಲಿಪ್ ಬೆರೆಸುವ ಬ್ಲೆಂಡ್ ಸ್ಪೇಸಿನ ಒಳಗೆ. ಯಾವ ಯಾವ ಕ್ಲಿಪ್‌ಗಳು ಜೊತೆಯಾಗಿ ಸಾಗಬೇಕು, ಯಾರು ಮುಂದಾಳು ಅನ್ನುವುದನ್ನು ಗ್ರೂಪ್ ಹೇಳುತ್ತದೆ. ಜೊತೆಯಾಗಿ ಸಾಗುವಾಗ ಯಾವ ಅಳತೆಯಿಂದ ಹೊಂದಿಸಬೇಕು ಅನ್ನುವುದನ್ನು ಕ್ಲಿಪ್ಪಿನಲ್ಲಿ ಕಾಲು ಬೀಳುವಂಥ ಕ್ಷಣಗಳಿಗೆ ಹಾಕಿದ ಗುರುತು, ಅಂದರೆ ಮಾರ್ಕರ್, ಹೇಳುತ್ತದೆ. ಮಾರ್ಕರ್ ಇಲ್ಲದಿದ್ದರೆ ಗ್ರೂಪ್ ಕ್ಲಿಪ್ಪಿನ ಉದ್ದವನ್ನೇ ಅಳತೆಯಾಗಿ ಹಿಡಿಯುತ್ತದೆ. ಹಾಗಾಗಿ ಹೋಲಿಸಬೇಕಾದದ್ದು ಉದ್ದದಿಂದ ಹೊಂದಿಸುವ ಗ್ರೂಪನ್ನೂ ಮಾರ್ಕರಿನಿಂದ ಹೊಂದಿಸುವ ಗ್ರೂಪನ್ನೂ.

ಉದ್ದದಿಂದ ಹೊಂದಿಸುವುದು ಅಂದರೆ ಹೀಗೆ: ಮುಂದಾಳು ಕ್ಲಿಪ್ ತನ್ನ ಉದ್ದದ ಶೇಕಡಾ 25 ಮುಗಿಸಿದ್ದರೆ, ಹಿಂಬಾಲಿಸುವ ಕ್ಲಿಪ್ಪನ್ನೂ ಅದರ ಉದ್ದದ ಶೇಕಡಾ 25ಕ್ಕೆ ತಂದು ನಿಲ್ಲಿಸುವುದು. ಯಾವ ಕಾಲು ಎಲ್ಲಿದೆ ಅನ್ನುವುದು ಎಂಜಿನ್‌ಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಇಬ್ಬರು ಹಾಡುಗಾರರು ತಾಳದ ಆವರ್ತದ ಉದ್ದವನ್ನು ಒಪ್ಪಿಕೊಂಡು, ಒಬ್ಬರು ಸಮದಿಂದ, ಇನ್ನೊಬ್ಬರು ಅರ್ಧ ಆವರ್ತದಿಂದ ಎತ್ತಿಕೊಂಡ ಹಾಗೆ: ಉದ್ದ ಕೂಡಿದೆ, ಪೆಟ್ಟು ಕೂಡಿಲ್ಲ. ಎಲ್ಲ ಕ್ಲಿಪ್‌ಗಳೂ ಸಮದಿಂದಲೇ ಶುರುವಾಗುತ್ತವೆ ಅನ್ನುವ ಖಾತ್ರಿ ನಿಮಗಿದ್ದರೆ ಈ ವಿಧಾನವೇ ಸಾಕು. ಆ ಖಾತ್ರಿ ಎಲ್ಲಿ ತಪ್ಪುತ್ತದೆ ಅನ್ನುವುದನ್ನು ಲೆಕ್ಕ ಹಾಕಿ ನೋಡೋಣ.

ಒಂದು ಜೋಡಿ ಕ್ಲಿಪ್, ಎರಡು ಅಳತೆ

ನಡಿಗೆಯ ಕ್ಲಿಪ್ 1.0 ಸೆಕೆಂಡ್ ಇದೆ ಅಂದುಕೊಳ್ಳಿ. ಎಡಗಾಲು ನೆಲಕ್ಕೆ ಬೀಳುವುದು 0.00ರಲ್ಲಿ, ಬಲಗಾಲು 0.50ರಲ್ಲಿ. ಓಟದ ಕ್ಲಿಪ್ 0.7 ಸೆಕೆಂಡ್. ಅದು ಬೇರೆ ದಿನ, ಬೇರೆ ಟೇಕಿನಿಂದ ಕತ್ತರಿಸಿದ ಮೋಕ್ಯಾಪ್, ಅಂದರೆ ನಟನ ಚಲನೆಯನ್ನೇ ಸೆರೆಹಿಡಿದದ್ದು. ಅದರಲ್ಲಿ ಬಲಗಾಲು 0.10ರಲ್ಲಿ, ಎಡಗಾಲು 0.45ರಲ್ಲಿ ಬೀಳುತ್ತದೆ. ಒಂದೊಂದು ಹೆಜ್ಜೆಗೆ 0.35 ಸೆಕೆಂಡ್.

ನಡಿಗೆ 0.25 ಸೆಕೆಂಡಿಗೆ ಬಂದಿದೆ. ಅಂದರೆ ಎಡಗಾಲು ಊರಿದೆ, ಬಲಗಾಲು ಗಾಳಿಯಲ್ಲಿ ಮುಂದಕ್ಕೆ ಬರುತ್ತಿದೆ, ಎಡದಿಂದ ಬಲಕ್ಕೆ ಅರ್ಧ ದಾರಿ ಆಗಿದೆ. ಉದ್ದದಿಂದ ಹೊಂದಿಸಿದರೆ ಓಟದ ಕ್ಲಿಪ್ 0.7ರ ಶೇಕಡಾ 25ರಲ್ಲಿ, ಅಂದರೆ 0.175 ಸೆಕೆಂಡಿನಲ್ಲಿ ಇರುತ್ತದೆ. ಅಲ್ಲಿ ಬಲಗಾಲು ಆಗಲೇ ಊರಿ 0.075 ಸೆಕೆಂಡ್ ಆಗಿದೆ, ಎಡಗಾಲು ಗಾಳಿಯಲ್ಲಿದೆ. ನಡಿಗೆಯಲ್ಲಿ ಗಾಳಿಯಲ್ಲಿರುವ ಕಾಲು ಓಟದಲ್ಲಿ ನೆಲದ ಮೇಲಿದೆ. ಅರ್ಧಕ್ಕರ್ಧ ಬ್ಲೆಂಡ್ ಮಾಡಿದರೆ ಎರಡೂ ಪಾದಗಳು ನೆಲದಿಂದ ಸ್ವಲ್ಪ ಮೇಲೆ ತೇಲುತ್ತವೆ.

ಮಾರ್ಕರ್ ಇದ್ದರೆ ಎಂಜಿನ್ ಕೇಳುವ ಪ್ರಶ್ನೆಯೇ ಬೇರೆ: ಮುಂದಾಳು ಯಾವ ಎರಡು ಗುರುತುಗಳ ನಡುವೆ ಇದ್ದಾನೆ, ಅವುಗಳ ನಡುವಿನ ದಾರಿಯಲ್ಲಿ ಎಷ್ಟು ಭಾಗ ಸಾಗಿದ್ದಾನೆ? ಎಡಗಾಲು ಬೀಳುವ ಗುರುತನ್ನು `L`, ಬಲಗಾಲಿನದನ್ನು `R` ಅಂದರೆ ಉತ್ತರ: `L` ಮತ್ತು `R` ನಡುವೆ, ಶೇಕಡಾ 50. ಓಟದ ಕ್ಲಿಪ್ಪಿನಲ್ಲಿ `L` ಇರುವುದು 0.45ರಲ್ಲಿ, ಅದರ ಮುಂದಿನ `R` ಲೂಪ್ ಸುತ್ತಿಕೊಂಡು 0.80ರಲ್ಲಿ. ನಡುವಿನ ಅರ್ಧ ಅಂದರೆ 0.625. ಓಟದ ಕ್ಲಿಪ್ ಅಲ್ಲಿಗೆ ಹೋಗುತ್ತದೆ. ಎರಡರಲ್ಲೂ ಎಡಗಾಲ ಹೆಜ್ಜೆ ಬಿದ್ದಾಗಿದೆ, ಎರಡರಲ್ಲೂ ಬಲಗಾಲು ಬರುತ್ತಿದೆ. ಸ್ವಂತ ಎಂಜಿನ್ ಬರೆಯುವವರಿಗೆ ಇಡೀ ತಿರುಳು ಎರಡು ಸಾಲಿನಷ್ಟೇ:

```
float f = (tLead - prevLead) / (nextLead - prevLead);
tFollow = fmod(prevFol + f * (nextFol - prevFol), lenFol);
```

ಇಲ್ಲಿ `tLead`, `nextLead`, `nextFol` ಇವುಗಳಲ್ಲಿ ಯಾವುದು ಲೂಪ್ ದಾಟಿದ್ದರೂ ಅದಕ್ಕೆ ಆಯಾ ಕ್ಲಿಪ್ಪಿನ ಉದ್ದವನ್ನು ಕೂಡಿಸಿಕೊಂಡಿರಬೇಕು. ಮೇಲಿನ 0.80 ಹಾಗೆ ಬಂದದ್ದು.

ಈ ಜೋಡಿಗೆ ಮಾರ್ಕರ್ ಇಲ್ಲದೆಯೂ ಪರಿಹಾರ ಇದೆ ಅನ್ನುವುದನ್ನು ಮರೆಯಬಾರದು. ಓಟದ ಕ್ಲಿಪ್ಪನ್ನು 0.45ರಿಂದ ಶುರುವಾಗುವಂತೆ ತಿರುಗಿಸಿ ಮತ್ತೆ ಎಕ್ಸ್‌ಪೋರ್ಟ್ ಮಾಡಿದರೆ `L` 0.00ಕ್ಕೂ `R` 0.35ಕ್ಕೂ ಬರುತ್ತದೆ. ಅಂದರೆ ಶೇಕಡಾ 0 ಮತ್ತು ಶೇಕಡಾ 50. ನಡಿಗೆಯಲ್ಲೂ ಅದೇ. ಇನ್ನು ಉದ್ದದ ಅಳತೆಯೂ ಮಾರ್ಕರಿನ ಅಳತೆಯೂ ಒಂದೇ ಉತ್ತರ ಕೊಡುತ್ತವೆ. ಒಬ್ಬನೇ ಆ್ಯನಿಮೇಟರ್ ಕೈಯಿಂದ ಕೀ ಮಾಡಿದ, ಎಲ್ಲವೂ ಎಡಗಾಲಿನಿಂದ ಶುರುವಾಗುವ, ಎರಡೂ ಹೆಜ್ಜೆ ಸಮ ಇರುವ ಸೆಟ್ ನಿಮ್ಮದಾದರೆ ಮಾರ್ಕರ್ ಹಾಕುತ್ತಾ ಕೂರುವುದು ದಂಡ. ಗ್ರೂಪಿಗೆ ಹೆಸರು ಕೊಟ್ಟು ಮುಂದಕ್ಕೆ ಹೋಗಿ.

ಯೂನಿಟಿಯಲ್ಲಿ ಕೆಲಸ ಮಾಡುವವರಿಗೆ ಇದೇ ಏಕೈಕ ದಾರಿ ಅಂತಲೇ ಹೇಳಬಹುದು. ಅಲ್ಲಿನ ಬ್ಲೆಂಡ್ ಟ್ರೀ ಕ್ಲಿಪ್‌ಗಳನ್ನು ಉದ್ದದ ಅನುಪಾತದಲ್ಲೇ ಹೊಂದಿಸುತ್ತದೆ, ಪಾದದ ಗುರುತು ಹಾಕುವ ವ್ಯವಸ್ಥೆ ಅದರೊಳಗೆ ಇಲ್ಲ. ಇಂಪೋರ್ಟ್ ಮಾಡುವಾಗ ಕ್ಲಿಪ್ಪಿನ `Cycle Offset` ಬದಲಿಸಿ ಎಡಗಾಲು 0.0ಗೆ, ಬಲಗಾಲು 0.5ಕ್ಕೆ ಬರುವಂತೆ ಮಾಡಿಕೊಳ್ಳಬೇಕು. ಮೇಲಿನ ಓಟಕ್ಕೆ ಆ ಸಂಖ್ಯೆ 0.45 ಭಾಗಿಸು 0.7, ಸುಮಾರು 0.64.

ಉದ್ದದ ಅಳತೆ ಎಲ್ಲಿ ಕೈಕೊಡುತ್ತದೆ

ಮೊದಲನೆಯದು ಕುಂಟು ನಡಿಗೆ. 1.2 ಸೆಕೆಂಡಿನ ಕ್ಲಿಪ್, ಎಡಗಾಲು 0.00ರಲ್ಲಿ, ಬಲಗಾಲು 0.45ರಲ್ಲಿ. ಅಂದರೆ ಬಲಗಾಲು ಬೀಳುವುದು ಶೇಕಡಾ 37.5ಕ್ಕೆ. ಮಾಮೂಲಿ ನಡಿಗೆಯಲ್ಲಿ ಅದೇ ಹೊತ್ತಿಗೆ ಬಲಗಾಲು ತನ್ನ ದಾರಿಯ ಮುಕ್ಕಾಲು ಭಾಗ ಮಾತ್ರ ಬಂದಿರುತ್ತದೆ. ಎಡಗಾಲು ಸರಿಯಾಗಿ ಕೂಡುತ್ತದೆ, ಬಲಗಾಲು ಪ್ರತಿ ಸುತ್ತಿನಲ್ಲೂ ತಪ್ಪುತ್ತದೆ. ಕ್ಲಿಪ್ಪನ್ನು ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ. ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುತ್ತದೆ, ಯಾಕೆಂದರೆ ಎರಡು ಹೆಜ್ಜೆಗಳ ಅನುಪಾತವೇ ಬೇರೆ. ಗಾಯಗೊಂಡ ನಡಿಗೆ, ಕುಡಿದವನ ನಡಿಗೆ, ಒಂದು ಕೈಯಲ್ಲಿ ಭಾರ ಹೊತ್ತ ನಡಿಗೆ ಎಲ್ಲದಕ್ಕೂ ಮಾರ್ಕರ್ ಬೇಕೇ ಬೇಕು.

ಎರಡನೆಯದು ಇನ್ನೂ ಸಾಮಾನ್ಯ. ಮೋಕ್ಯಾಪ್ ನಡಿಗೆ ಯಾಂತ್ರಿಕವಾಗಿ ಕಾಣದಿರಲಿ ಅಂತ ಒಂದು ಆವರ್ತದ ಬದಲು ಎರಡು ಆವರ್ತ ಇಟ್ಟುಕೊಂಡಿರುತ್ತಾರೆ: 2.1 ಸೆಕೆಂಡ್, ನಾಲ್ಕು ಹೆಜ್ಜೆ. ಓಟ ಮಾತ್ರ 0.7 ಸೆಕೆಂಡಿನ ಒಂದೇ ಆವರ್ತ. ಉದ್ದದಿಂದ ಹೊಂದಿಸಿದರೆ ನಡಿಗೆ ಮುಂದಾಳಾಗಿರುವಷ್ಟು ಹೊತ್ತು ಓಟ ಮೂರನೇ ಒಂದು ವೇಗದಲ್ಲಿ, ನೀರೊಳಗೆ ಓಡಿದ ಹಾಗೆ ಸಾಗುತ್ತದೆ. ಬ್ಲೆಂಡಿನಲ್ಲಿ ತೂಕ ಹೆಚ್ಚಿರುವ ಕ್ಲಿಪ್ಪೇ ಮುಂದಾಳು, ಹಾಗಾಗಿ ಓಟದ ತೂಕ ಅರ್ಧ ದಾಟಿ ಅದು ಮುಂದಾಳಾದ ಕೂಡಲೇ ನಡಿಗೆ ಮೂರು ಪಟ್ಟು ವೇಗಕ್ಕೆ ಜಿಗಿಯುತ್ತದೆ. ಮಾರ್ಕರ್ ಇದ್ದರೆ ನಡಿಗೆಯಲ್ಲಿ `L R L R`, ಓಟದಲ್ಲಿ `L R`. ನಡಿಗೆ ಒಂದು ಸುತ್ತು ಮುಗಿಸುವಷ್ಟರಲ್ಲಿ ಓಟ ಎರಡು ಸುತ್ತು ಹಾಕುತ್ತದೆ, ಹೆಜ್ಜೆ ತಪ್ಪುವುದಿಲ್ಲ. ಸ್ಟೇಟ್ ಮಷಿನ್‌ನಲ್ಲಿ ಕ್ಲಿಪ್ ಆಡಿಸುವ ಬೇರೆ ಬೇರೆ ಪ್ಲೇಯರ್ ನೋಡ್‌ಗಳಾಗಿದ್ದರೆ ಇದು ಸೊಗಸಾಗಿ ನಡೆಯುತ್ತದೆ. ಒಂದೇ ಬ್ಲೆಂಡ್ ಸ್ಪೇಸಿನ ಒಳಗೆ ಹಾಕುವುದಾದರೆ ನಾನು ಎಲ್ಲ ಸ್ಯಾಂಪಲ್‌ಗಳಲ್ಲೂ ಗುರುತುಗಳ ಹೆಸರು, ಕ್ರಮ, ಎಣಿಕೆ ಒಂದೇ ಇರುವ ಹಾಗೆ ನೋಡಿಕೊಳ್ಳುತ್ತೇನೆ. ಅಲ್ಲಿ ಎಂಜಿನ್ ಗುರುತುಗಳ ಮಾದರಿ ಹೊಂದುತ್ತದೆಯೇ ಅಂತ ಪರೀಕ್ಷಿಸುತ್ತದೆ, ಅದರ ಜೊತೆ ಗುದ್ದಾಡುವುದಕ್ಕಿಂತ ಕ್ಲಿಪ್ಪನ್ನು ಒಂದು ಆವರ್ತಕ್ಕೆ ಕತ್ತರಿಸುವುದು ಸುಲಭ.

ಮೂರನೆಯ ಸಂದರ್ಭ ಮಾರುಕಟ್ಟೆಯಿಂದ ಕೊಂಡ ಆ್ಯನಿಮೇಷನ್ ಪ್ಯಾಕ್‌ಗಳು. ಎರಡು ಕಡೆಯಿಂದ ಕೊಂಡ ಸೆಟ್‌ಗಳನ್ನು ಬೆರೆಸಿದರೆ ಯಾವ ಕ್ಲಿಪ್ ಯಾವ ಕಾಲಿನಿಂದ ಶುರು ಅನ್ನುವುದಕ್ಕೆ ನಿಯಮವೇ ಇರುವುದಿಲ್ಲ. ಪ್ರತಿ ಕ್ಲಿಪ್ಪನ್ನೂ ತಿರುಗಿಸಿ ಮರಳಿ ಎಕ್ಸ್‌ಪೋರ್ಟ್ ಮಾಡುವುದಕ್ಕಿಂತ ಮಾರ್ಕರ್ ಹಾಕುವುದು ಬೇಗ ಮುಗಿಯುತ್ತದೆ. ಮೂಲ ಫೈಲ್ ಬದಲಾದಾಗ ಮತ್ತೆ ಇಂಪೋರ್ಟ್ ಮಾಡಿದರೂ ಗುರುತುಗಳು ಅಸೆಟ್‌ನಲ್ಲೇ ಉಳಿಯುತ್ತವೆ. ಕ್ಲಿಪ್ಪಿನ ಉದ್ದ ಬದಲಾಗಿದ್ದರೆ ಮಾತ್ರ ಒಮ್ಮೆ ತೆರೆದು ನೋಡಬೇಕು.

ಗುರುತು ಎಲ್ಲಿ, ಎಷ್ಟು

ಮಾರ್ಕರ್ ಹಾಕುವ ಕೆಲಸ ಸುಲಭ: ಆ್ಯನಿಮೇಷನ್ ಸೀಕ್ವೆನ್ಸ್ ತೆರೆದು, ನೋಟಿಫೈ ಟ್ರ್ಯಾಕಿನ ಮೇಲೆ ಬಲ ಕ್ಲಿಕ್ ಮಾಡಿ `Add Sync Marker` ಆರಿಸಿ ಹೆಸರು ಕೊಡುವುದು. ಕಷ್ಟ ಇರುವುದು ಯಾವ ಫ್ರೇಮಿನಲ್ಲಿ ಅನ್ನುವುದರಲ್ಲಿ. ಇದ್ದಲ್ಲೇ ನಡೆಯುವ ಕ್ಲಿಪ್ಪಿನಲ್ಲಿ ಊರಿದ ಪಾದ ಹಿಂದಕ್ಕೆ ಸರಿಯುತ್ತಿರುತ್ತದೆ, ಗಾಳಿಯಲ್ಲಿರುವ ಪಾದ ಮುಂದಕ್ಕೆ ಬರುತ್ತಿರುತ್ತದೆ. ಪಾದ ಕೆಳಗಿಳಿದು, ಮುಂದಕ್ಕೆ ಬರುವುದು ನಿಂತು ಹಿಂದಕ್ಕೆ ಸರಿಯತೊಡಗುವ ಫ್ರೇಮ್ ನಮಗೆ ಬೇಕಾದದ್ದು. ನಡಿಗೆಯಲ್ಲಿ ಹಿಮ್ಮಡಿ ಮೊದಲು ತಾಗುತ್ತದೆ, ವೇಗದ ಓಟದಲ್ಲಿ ಮುಂಗಾಲು ಮೊದಲು ತಾಗಬಹುದು. ಎರಡರಲ್ಲೂ "ಪಾದದ ಯಾವುದೇ ಭಾಗ ಮೊದಲು ತಾಗಿದ ಫ್ರೇಮ್" ಅನ್ನುವ ಒಂದೇ ನಿಯಮ ಇಟ್ಟುಕೊಳ್ಳಿ. ಸೆಕೆಂಡಿಗೆ 30 ಫ್ರೇಮಿನ ಕ್ಲಿಪ್ಪಿನಲ್ಲಿ ಒಂದು ಫ್ರೇಮ್ ಅಂದರೆ 0.033 ಸೆಕೆಂಡ್, 0.35 ಸೆಕೆಂಡಿನ ಹೆಜ್ಜೆಯಲ್ಲಿ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು. ಅಷ್ಟು ತಪ್ಪು ಕಣ್ಣಿಗೆ ಕಾಣುತ್ತದೆ.

ಲೂಪಿನ ಕೊನೆಯ ಫ್ರೇಮ್ ಮೊದಲ ಫ್ರೇಮಿನ ನಕಲೇ ಆಗಿರುವುದು ರೂಢಿ. ಮೊದಲನೆಯದಕ್ಕೆ `L` ಹಾಕಿದವರು ಕೊನೆಯದಕ್ಕೂ ಹಾಕಿಬಿಡುತ್ತಾರೆ. ಆಗ ಸುತ್ತು ಮುಗಿಯುವಲ್ಲಿ ಎರಡು `L` ಬೆನ್ನಿಗೆ ಬೆನ್ನು ಬಂದು, ಜೊತೆಗಿರುವ ಕ್ಲಿಪ್ ಆ ಜಾಗದಲ್ಲಿ ಎಗರುತ್ತದೆ. ಒಂದು ಹೆಜ್ಜೆಗೆ ಒಂದೇ ಗುರುತು.

ಈಗ ಹೆಚ್ಚು ವಾದ ನಡೆಯುವ ವಿಷಯ. ಕಾಲು ಬೀಳುವ ಕ್ಷಣ ಮಾತ್ರ ಗುರುತಿಸಿದರೆ ಸಾಕೇ, ಕಾಲು ಏಳುವ ಕ್ಷಣವನ್ನೂ ಗುರುತಿಸಬೇಕೇ? ಹೆಚ್ಚು ಗುರುತು ಇದ್ದರೆ ಹೆಚ್ಚು ನಿಖರ ಅಂತ ಅನ್ನಿಸುವುದು ಸಹಜ. ನಡಿಗೆ ಮತ್ತು ಓಟದ ನಡುವೆ ಮಾತ್ರ ಅದು ನೇರವಾಗಿ ಕೆಡುತ್ತದೆ.

ನಡಿಗೆಯಲ್ಲಿ ಒಂದೊಂದು ಕಾಲೂ ಆವರ್ತದ ಸುಮಾರು ಶೇಕಡಾ 60 ನೆಲದ ಮೇಲಿರುತ್ತದೆ. ಹಾಗಾಗಿ ಸ್ವಲ್ಪ ಹೊತ್ತು ಎರಡೂ ಕಾಲು ನೆಲದ ಮೇಲಿರುತ್ತವೆ. ನಮ್ಮ 1.0 ಸೆಕೆಂಡಿನ ನಡಿಗೆಯಲ್ಲಿ ಎಡ ಬೀಳುವುದು 0.00, ಬಲ ಏಳುವುದು 0.10, ಬಲ ಬೀಳುವುದು 0.50, ಎಡ ಏಳುವುದು 0.60. ಓಟದಲ್ಲಿ ಕಾಲು ಅರ್ಧ ಆವರ್ತಕ್ಕಿಂತ ಕಡಿಮೆ ನೆಲದ ಮೇಲಿರುತ್ತದೆ, ನಡುವೆ ಎರಡೂ ಕಾಲು ಗಾಳಿಯಲ್ಲಿರುವ ಗಳಿಗೆ ಬರುತ್ತದೆ. ಎಡ ಬೀಳುವುದನ್ನು ಸೊನ್ನೆ ಅಂತ ಎಣಿಸಿದರೆ ಎಡ ಏಳುವುದು 0.25, ಬಲ ಬೀಳುವುದು 0.35, ಬಲ ಏಳುವುದು 0.60. ಕ್ರಮ ನೋಡಿ:

```
walk: L_down  R_up  R_down  L_up
run:  L_down  L_up  R_down  R_up
```

ಕ್ರಮವೇ ಅದಲು ಬದಲಾಗಿದೆ. ನಡಿಗೆ `L_down` ಮತ್ತು `R_up` ನಡುವೆ ಇದ್ದಾಗ ಓಟದಲ್ಲಿ ಹಾಗೆ ಅಕ್ಕಪಕ್ಕ ಇರುವ ಜೋಡಿಯೇ ಇಲ್ಲ. ಹೊಂದಿಸುವುದಕ್ಕೆ ಜಾಗವಿಲ್ಲದೆ ಕ್ಲಿಪ್ ಎಲ್ಲೆಲ್ಲಿಗೋ ಜಿಗಿಯುತ್ತದೆ. ಇದು ನೀವು ಗುರುತು ತಪ್ಪಾಗಿ ಹಾಕಿದ್ದರಿಂದ ಆಗುವುದಲ್ಲ. ನಡಿಗೆಯನ್ನು ನಡಿಗೆಯಾಗಿಯೂ ಓಟವನ್ನು ಓಟವಾಗಿಯೂ ಮಾಡುವ ವ್ಯತ್ಯಾಸವೇ ಅದು. ಕಾಲು ಏಳುವ ಗುರುತುಗಳನ್ನು ಬೇರೆ ಬೇರೆ ನಡಿಗೆಗಳ ನಡುವೆ ಬಳಸಬಹುದು, ಬೇರೆ ಬೇರೆ ಓಟಗಳ ನಡುವೆಯೂ ಬಳಸಬಹುದು. ಎರಡರ ನಡುವೆ ಬಳಸಬಾರದು.

ಇನ್ನೊಂದು ಆಯ್ಕೆ, ಗಾಳಿಯಲ್ಲಿರುವ ಕಾಲು ಊರಿದ ಕಾಲನ್ನು ದಾಟುವ ಕ್ಷಣಕ್ಕೆ ಗುರುತು ಹಾಕುವುದು. ಇದರ ಕ್ರಮ ಎರಡರಲ್ಲೂ ಒಂದೇ: ಎಡ ಬಿತ್ತು, ಬಲ ದಾಟಿತು, ಬಲ ಬಿತ್ತು, ಎಡ ದಾಟಿತು. ಹಾಗಾಗಿ ಎಗರುವುದಿಲ್ಲ. ಆದರೆ ಬೆಲೆ ತೆರಬೇಕಾಗುತ್ತದೆ. ನಡಿಗೆಯಲ್ಲಿ ದಾಟುವುದು 0.30ರ ಹೊತ್ತಿಗೆ, ಓಟದಲ್ಲಿ ಸುಮಾರು 0.125ಕ್ಕೆ. ನಡಿಗೆ ಮುಂದಾಳಾಗಿದ್ದರೆ ಓಟದ ಕ್ಲಿಪ್ ಮೊದಲ ತುಂಡನ್ನು 0.42 ವೇಗದಲ್ಲಿ, ಎರಡನೆಯ ತುಂಡನ್ನು 1.13 ವೇಗದಲ್ಲಿ ಆಡಬೇಕಾಗುತ್ತದೆ. ಪ್ರತಿ ಹೆಜ್ಜೆಯ ನಡುವೆ ವೇಗ ಎರಡೂವರೆ ಪಟ್ಟಿಗಿಂತ ಹೆಚ್ಚು ಬದಲಾಗುತ್ತದೆ. ಭುಜ ಮತ್ತು ತಲೆಯ ಚಲನೆಯಲ್ಲಿ ಅದು ಎಳೆದು ಬಿಟ್ಟ ಹಾಗೆ ಕಾಣುತ್ತದೆ. ಬೀಳುವ ಗುರುತು ಮಾತ್ರ ಇದ್ದರೆ ಓಟ ಉದ್ದಕ್ಕೂ ಒಂದೇ 0.7 ವೇಗದಲ್ಲಿ ಸಾಗುತ್ತದೆ. ನನ್ನ ಮಟ್ಟಿಗೆ ಕಾಲಿಗೆ ಒಂದೇ ಗುರುತು, ಅದೂ ಬೀಳುವ ಕ್ಷಣದ್ದು. ದಾಟುವ ಗುರುತನ್ನು ನಿಧಾನ ನಡಿಗೆ ಮತ್ತು ಬಿರುಸು ನಡಿಗೆಯಂಥ ಹತ್ತಿರದ ಜೋಡಿಗಳಿಗೆ ಇಟ್ಟುಕೊಳ್ಳಿ.

ಕ್ಲಿಪ್‌ಗಳು ನೂರಾರು ಇದ್ದರೆ ಕೈಯಿಂದ ಹಾಕುವ ಗೊಡವೆ ಬೇಡ. ಅನ್‌ರಿಯಲ್ 5ರಲ್ಲಿ `FootstepAnimEventsModifier` ಅನ್ನುವ ಆ್ಯನಿಮೇಷನ್ ಮಾಡಿಫೈಯರ್ ಇದೆ. ಪಾದದ ಮೂಳೆಯ ಚಲನೆ ನೋಡಿ ತಾನೇ ಗುರುತು ಹಾಕುತ್ತದೆ. ಮಾಮೂಲಿ ಲೂಪ್‌ಗಳಿಗೆ ಚೆನ್ನ. ಕಾಲೆಳೆದು ನಡೆಯುವ ಕ್ಲಿಪ್ಪಿನಲ್ಲಿ ಪಾದ ಮೇಲೇಳುವುದೇ ಇಲ್ಲವಾದ್ದರಿಂದ ಅದನ್ನು ನಂಬಬೇಡಿ, ಕಣ್ಣಿನಿಂದ ನೋಡಿ.

ಬ್ಲೆಂಡ್ ಸ್ಪೇಸ್ ಒಳಗೋ, ಸ್ಟೇಟ್‌ಗಳ ನಡುವೆಯೋ

ವೇಗ ನಿಧಾನವಾಗಿ ಏರುತ್ತಾ ಇಳಿಯುತ್ತಾ ಇದ್ದರೆ, ಅಂದರೆ ಗೇಮ್‌ಪ್ಯಾಡಿನ ಕಡ್ಡಿಯನ್ನು ಎಷ್ಟು ತಳ್ಳುತ್ತಾರೋ ಅಷ್ಟು ವೇಗ ಅನ್ನುವಂಥ ಆಟವಾದರೆ, ಬ್ಲೆಂಡ್ ಸ್ಪೇಸ್ ಸರಿ. ಉದ್ದದ ಅಳತೆಯಲ್ಲಿ ಅದು ಸ್ಯಾಂಪಲ್‌ಗಳ ಉದ್ದದ ತೂಕದ ಸರಾಸರಿ ತೆಗೆಯುತ್ತದೆ: 1.0 ಮತ್ತು 0.7 ಅರ್ಧಕ್ಕರ್ಧ ಇದ್ದರೆ ಆವರ್ತ 0.85 ಸೆಕೆಂಡ್. ಹೆಜ್ಜೆಯ ಗತಿ ಮೆಲ್ಲಗೆ ಬದಲಾಗುತ್ತದೆ. ಶುದ್ಧವಾಗಿ ಕತ್ತರಿಸಿದ ಸಮ ಹೆಜ್ಜೆಯ ಕ್ಲಿಪ್‌ಗಳಿಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ.

ನಡಿಗೆ ಒಂದು ಸ್ಟೇಟ್, ಓಟ ಇನ್ನೊಂದು, ಗುಂಡಿ ಒತ್ತಿದರೆ 0.2 ಸೆಕೆಂಡಿನಲ್ಲಿ ಬದಲಾಗುತ್ತದೆ ಅನ್ನುವ ವಿನ್ಯಾಸವಾದರೆ ಎರಡೂ ಪ್ಲೇಯರ್‌ಗಳಿಗೆ ಒಂದೇ ಗ್ರೂಪಿನ ಹೆಸರು ಕೊಡಿ. ಗ್ರೂಪ್ ಇಲ್ಲದಿದ್ದರೆ ಓಟ ಯಾವಾಗಲೂ ತನ್ನ ಮೊದಲ ಫ್ರೇಮಿನಿಂದ ಶುರುವಾಗುತ್ತದೆ, ನಡಿಗೆ ಯಾವ ಹೆಜ್ಜೆಯಲ್ಲಿದ್ದರೂ ಸರಿ. ಗ್ರೂಪ್ ಇದ್ದರೆ ತೂಕ ಕಡಿಮೆ ಇರುವ ಹೊಸ ಓಟ ಹಿಂಬಾಲಕನಾಗಿ ಒಳಬಂದು ನಡಿಗೆಯ ಹೆಜ್ಜೆಯನ್ನು ಹಿಡಿಯುತ್ತದೆ, ತೂಕ ಹೆಚ್ಚಾದ ಮೇಲೆ ಮುಂದಾಳುತನ ವಹಿಸಿಕೊಳ್ಳುತ್ತದೆ. `Can Be Leader` ಅನ್ನುವ ಗ್ರೂಪ್ ರೋಲಿನ ಅರ್ಥ ಅದೇ. ಮುಂದಾಳು ಬದಲಾದ ಗಳಿಗೆಯಲ್ಲಿ ಆವರ್ತದ ಕಾಲ 1.0ರಿಂದ 0.7 ಸೆಕೆಂಡಿಗೆ ಒಮ್ಮೆಲೇ ಹೋಗುತ್ತದೆ. 0.2 ಸೆಕೆಂಡಿನ ಬದಲಾವಣೆಯಲ್ಲಿ ಕಾಣುವುದಿಲ್ಲ, ಒಂದು ಸೆಕೆಂಡ್ ಎಳೆದರೆ ಕಾಣುತ್ತದೆ.

ಈ ರೋಲುಗಳಲ್ಲಿ ಇನ್ನೆರಡನ್ನು ತಿಳಿದುಕೊಂಡರೆ ಸಾಕು. ಮೇಲ್ದೇಹಕ್ಕೆ ಮಾತ್ರ ಬಳಸುವ ಕ್ಲಿಪ್, ಉದಾಹರಣೆಗೆ ಟಾರ್ಚ್ ಹಿಡಿದು ನಡೆಯುವ ಕೈ, `Always Follower` ಆಗಿರಲಿ. ಇಲ್ಲವಾದರೆ ಯಾವಾಗಲೋ ಅದರ ತೂಕ ಹೆಚ್ಚಾಗಿ ಕೈ ಕಾಲನ್ನು ನಡೆಸತೊಡಗುತ್ತದೆ. ನಿಂತಲ್ಲಿಂದ ಓಟ ಶುರು ಮಾಡುವ ಕ್ಲಿಪ್ ಮೊದಲ ಫ್ರೇಮಿನಿಂದಲೇ ಆಡಬೇಕು, ಬೇರೆಯವರ ಹೆಜ್ಜೆಗೆ ಜಿಗಿಯಬಾರದು. ಅದಕ್ಕೆ `Transition Leader`. ಒಳಗೆ ಬರುವಷ್ಟು ಹೊತ್ತು ಅದು ಗ್ರೂಪಿನ ಹೊರಗಿದ್ದು, ಪೂರ್ತಿ ಬಂದ ಮೇಲೆ ಮುಂದಾಳಾಗುತ್ತದೆ.

ಸುಮ್ಮನೆ ನಿಂತಿರುವ ಕ್ಲಿಪ್ಪನ್ನು ನಡಿಗೆಯ ಬ್ಲೆಂಡ್ ಸ್ಪೇಸಿನಲ್ಲಿ ಸೊನ್ನೆ ವೇಗಕ್ಕೆ ಹಾಕುವುದು ಬಹಳಷ್ಟು ಟ್ಯುಟೋರಿಯಲ್‌ಗಳಲ್ಲಿ ಇರುವ ಅಭ್ಯಾಸ. ನಿಂತ ಕ್ಲಿಪ್ 4 ಸೆಕೆಂಡ್, ನಡಿಗೆ 1 ಸೆಕೆಂಡ್ ಆದರೆ ಅರ್ಧಕ್ಕರ್ಧದಲ್ಲಿ ಆವರ್ತ 2.5 ಸೆಕೆಂಡ್. ಪಾತ್ರ ಹೊರಡುವಾಗ ಜೇನುತುಪ್ಪದಲ್ಲಿ ಕಾಲಿಟ್ಟ ಹಾಗೆ ನಡೆಯುವುದಕ್ಕೆ ಇದೇ ಕಾರಣ. ನಿಂತಿರುವುದಕ್ಕೆ ಬೇರೆ ಸ್ಟೇಟ್ ಕೊಡಿ, ಗ್ರೂಪಿನ ಹೊರಗಿಡಿ. ಅದಕ್ಕೆ ಹೆಜ್ಜೆಯೇ ಇಲ್ಲ, ಹೊಂದಿಸುವುದು ಏನನ್ನು?

ಹೆಜ್ಜೆ ಕೂಡಿದ ಮೇಲೂ ಜಾರುವಿಕೆ ಉಳಿದರೆ ಮಾರ್ಕರನ್ನು ದೂರಬೇಡಿ. ಲೆಕ್ಕ ಹಾಕಿ: ನಡಿಗೆ ಸೆಕೆಂಡಿಗೆ 150 ಸೆಂ.ಮೀ., ಒಂದು ಆವರ್ತಕ್ಕೆ 150 ಸೆಂ.ಮೀ. ಓಟ ಸೆಕೆಂಡಿಗೆ 400, ಅದರ 0.7 ಸೆಕೆಂಡಿನ ಆವರ್ತಕ್ಕೆ 280 ಸೆಂ.ಮೀ. ನಟ್ಟನಡುವೆ, 275ರ ವೇಗದಲ್ಲಿ, ಆವರ್ತದ ದೂರ 215, ಕಾಲ 0.85. ಕಾಲುಗಳು ನಿಜಕ್ಕೂ ಸಾಗುವುದು ಸೆಕೆಂಡಿಗೆ 253 ಸೆಂ.ಮೀ. ಮಾತ್ರ. ಪಾತ್ರ 275ರಲ್ಲಿ ಸಾಗುತ್ತಿದೆ, ಪಾದ ಶೇಕಡಾ 8ರಷ್ಟು ಜಾರುತ್ತದೆ. ಇದು ಹೆಜ್ಜೆ ತಪ್ಪಿದ್ದರಿಂದ ಬಂದದ್ದಲ್ಲ, ಸರಾಸರಿಯ ಗುಣವೇ ಅದು. ನಡುವೆ ಒಂದು ಜಾಗಿಂಗ್ ಕ್ಲಿಪ್ ಸೇರಿಸಿ, ಇಲ್ಲವೇ ಆ ವೇಗದಲ್ಲಿ ಪ್ಲೇ ರೇಟನ್ನು 1.09ಕ್ಕೆ ಏರಿಸಿ.

ಮಾರ್ಕರಿನ ಇನ್ನೊಂದು ಲಾಭ

ಬ್ಲೆಂಡ್ ಚೆನ್ನಾಗಿದ್ದರೂ ಮಾರ್ಕರ್ ಹಾಕುವುದಕ್ಕೆ ಒಂದು ಕಾರಣ ಉಳಿಯುತ್ತದೆ: ಈಗ ಯಾವ ಕಾಲು ನೆಲದ ಮೇಲಿದೆ ಅಂತ ಕೇಳಿ ತಿಳಿಯಬಹುದು. ಆ್ಯನಿಮೇಷನ್ ಬ್ಲೂಪ್ರಿಂಟ್‌ನಲ್ಲಿ `Is Sync Group Between Markers` ಅನ್ನುವ ನೋಡ್ ಇದೆ. ಗ್ರೂಪ್ `L` ಮತ್ತು `R` ನಡುವೆ ಇದ್ದರೆ ಎಡಗಾಲ ಮೇಲೆ ನಿಲ್ಲುವ ಕ್ಲಿಪ್, `R` ಮತ್ತು `L` ನಡುವೆ ಇದ್ದರೆ ಬಲಗಾಲ ಮೇಲೆ ನಿಲ್ಲುವ ಕ್ಲಿಪ್. ಓಡುತ್ತಾ ಬಂದ ಪಾತ್ರ ನಿಲ್ಲುವಾಗ ಕಾಲು ಅದಲು ಬದಲಾಗಿ ಎಗರುವುದು ಇಷ್ಟರಿಂದಲೇ ನಿಲ್ಲುತ್ತದೆ. ಉದ್ದದ ಅಳತೆಯಲ್ಲಿ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಎಡಗಾಲಿಗೊಂದು ಬಲಗಾಲಿಗೊಂದು ನಿಲ್ಲುವ ಕ್ಲಿಪ್ ಮಾಡಿಸುವ ಯೋಚನೆ ನಿಮ್ಮಲ್ಲಿದ್ದರೆ ಮಾರ್ಕರ್ ಈಗಲೇ ಹಾಕಿ.

ಹೆಜ್ಜೆ ಸಪ್ಪಳಕ್ಕೆ ಮಾರ್ಕರನ್ನು ನೆಚ್ಚಿಕೊಳ್ಳಬೇಡಿ. ಮಾರ್ಕರ್ ನೋಟಿಫೈ ಅಲ್ಲ, ಅದು ತಾನಾಗಿ ಸದ್ದು ಮಾಡಿಸುವುದಿಲ್ಲ. ನೋಟಿಫೈ ಬೇರೆಯಾಗಿ ಹಾಕಬೇಕು. ಹೆಜ್ಜೆ ಚೆನ್ನಾಗಿ ಕೂಡಿದಷ್ಟೂ ಎರಡು ಕ್ಲಿಪ್ಪಿನ ಸಪ್ಪಳ ಒಟ್ಟಿಗೇ ಬಂದು ಒಂದು ಹೆಜ್ಜೆಗೆ ಎರಡು ಸದ್ದು ಕೇಳುತ್ತದೆ. ಬ್ಲೆಂಡ್ ಸ್ಪೇಸಿನಲ್ಲಿ `Notify Trigger Mode` ಅನ್ನು `Highest Weighted Animation` ಮಾಡಿ. ಗ್ರೂಪಿನಲ್ಲಾದರೆ ನೋಟಿಫೈನ `Trigger on Follower` ಆಫ್ ಇರಲಿ.

ಕೆಲಸ ಮಾಡುತ್ತಿದೆಯೇ ಅಂತ ನೋಡುವುದು

ಮಾರ್ಕರಿನ ದೊಡ್ಡ ತೊಂದರೆ ಅದು ಸದ್ದಿಲ್ಲದೆ ಸೋಲುತ್ತದೆ ಅನ್ನುವುದು. ಗ್ರೂಪಿನ ಎಲ್ಲ ಕ್ಲಿಪ್‌ಗಳಲ್ಲೂ ಇರುವ ಗುರುತುಗಳು ಮಾತ್ರ ಲೆಕ್ಕಕ್ಕೆ ಬರುತ್ತವೆ. ಒಂದರಲ್ಲಿ `Foot_L`, ಇನ್ನೊಂದರಲ್ಲಿ `L_Foot` ಇದ್ದರೆ ಸಮಾನವಾದದ್ದು ಏನೂ ಇಲ್ಲ ಅಂತ ಎಂಜಿನ್ ಸುಮ್ಮನೆ ಉದ್ದದ ಅಳತೆಗೆ ಮರಳುತ್ತದೆ. ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸ ತೊಂದರೆಯಲ್ಲ, ಕಾಗುಣಿತದ್ದು ತೊಂದರೆ. ಮಾರ್ಕರ್ ಇಲ್ಲದ ಹೊಸ ಕ್ಲಿಪ್ಪನ್ನು ಯಾರೋ ಅದೇ ಗ್ರೂಪಿಗೆ ಸೇರಿಸಿದರೂ ಹಾಗೇ: ಅದು ಆಡುತ್ತಿರುವಷ್ಟು ಹೊತ್ತು ಮಾತ್ರ ಹೆಜ್ಜೆ ತಪ್ಪಿ, ಆಮೇಲೆ ತಾನೇ ಸರಿಯಾಗಿ, ಹುಡುಕುವವನ ತಲೆ ತಿನ್ನುತ್ತದೆ.

ಪರೀಕ್ಷಿಸುವ ಕ್ರಮ ಹೀಗಿರಲಿ. ಕನ್ಸೋಲಿನಲ್ಲಿ `ShowDebug ANIMATION` ಹಾಕಿದರೆ ಯಾವ ಗ್ರೂಪಿನಲ್ಲಿ ಯಾವ ಕ್ಲಿಪ್‌ಗಳಿವೆ, ಯಾರು ಮುಂದಾಳು ಅನ್ನುವುದು ತೆರೆಯ ಮೇಲೆ ಬರುತ್ತದೆ. ಆಮೇಲೆ `slomo 0.2` ಹಾಕಿ ಆಟವನ್ನು ನಿಧಾನ ಮಾಡಿ, ನಡಿಗೆಯಿಂದ ಓಟಕ್ಕೆ ಎಡಗಾಲು ಬಿದ್ದಾಗೊಮ್ಮೆ, ಬಲಗಾಲು ಬಿದ್ದಾಗೊಮ್ಮೆ ಬದಲಿಸಿ. ಎಡದಲ್ಲಿ ಚೆನ್ನಾಗಿದ್ದು ಬಲದಲ್ಲಿ ಕೆಟ್ಟರೆ ಗ್ರೂಪೇ ಇಲ್ಲ, ಓಟ ಪ್ರತಿ ಸಲ ಮೊದಲ ಫ್ರೇಮಿನಿಂದ ಶುರುವಾಗುತ್ತಿದೆ. ಎರಡರಲ್ಲೂ ಒಂದೇ ರೀತಿ ಕಾಲು ಒಟ್ಟುಗೂಡಿದರೆ ಗ್ರೂಪ್ ಇದೆ, ಆದರೆ ಉದ್ದದ ಅಳತೆ ನಡೆಯುತ್ತಿದೆ ಮತ್ತು ಕ್ಲಿಪ್‌ಗಳು ಬೇರೆ ಬೇರೆ ಕಾಲಿನಿಂದ ಶುರುವಾಗುತ್ತಿವೆ. ಒಂದು ಕಾಲು ಸರಿಯಿದ್ದು ಇನ್ನೊಂದು ಮಾತ್ರ ತೇಲಿದರೆ ಹೆಜ್ಜೆಗಳ ಅನುಪಾತ ಬೇರೆ. ಆವರ್ತಕ್ಕೊಮ್ಮೆ ಮಾತ್ರ ಎಗರಿದರೆ ಲೂಪಿನ ಕೊನೆಯ ಹೆಚ್ಚುವರಿ ಗುರುತನ್ನು ಹುಡುಕಿ.

ಕ್ಲಿಪ್ಪನ್ನು ಕನ್ನಡಿಯಂತೆ ತಿರುಗಿಸಿ ಬಳಸುವವರು ಇನ್ನೊಂದನ್ನು ನೋಡಿಕೊಳ್ಳಬೇಕು. ಎಡಕ್ಕೆ ಬಾಗಿ ಓಡುವ ಕ್ಲಿಪ್ಪನ್ನು ಮಿರರ್ ಮಾಡಿ ಬಲಕ್ಕೆ ಬಳಸಿದಾಗ ಮೂಳೆಗಳು ಅದಲು ಬದಲಾಗುತ್ತವೆ, ಗುರುತಿನ ಹೆಸರು ತಾನಾಗಿ ಬದಲಾಗುವುದಿಲ್ಲ. ಬಲಗಾಲು ಬೀಳುವ ಫ್ರೇಮಿನಲ್ಲಿ ಇನ್ನೂ `L` ಅಂತಲೇ ಇರುತ್ತದೆ, ಎಂಜಿನ್ ಅದನ್ನು ನಂಬಿ ಶ್ರದ್ಧೆಯಿಂದ ತಪ್ಪು ಕಾಲಿಗೆ ಹೊಂದಿಸುತ್ತದೆ. ಮಿರರ್ ಡೇಟಾ ಟೇಬಲ್‌ನಲ್ಲಿ ಮೂಳೆಗಳ ಸಾಲುಗಳ ಜೊತೆಗೆ `Sync Marker` ಬಗೆಯ ಎರಡು ಸಾಲು ಸೇರಿಸಿ: `L` ಇದ್ದದ್ದು `R`, `R` ಇದ್ದದ್ದು `L`.